ವಿಮರ್ಶೆಯೂ ದೋಷಾನ್ವೇಷಣೆಯೂ

‘ವಿಮರ್ಶೆ’ ಎಂಬ ಮಾತಿಗೆ ನಮ್ಮ ಜನರ ಬಾಯಲ್ಲಿ ಒದಗಿರುವ ಗತಿ ಅಷ್ಟೇನೂ ಸುಖಕರವಾದುದಲ್ಲ. “ಅವರು ನಿಮ್ಮ ಪುಸ್ತಕವನ್ನು ಚೆನ್ನಾಗಿ ವಿಮರ್ಶೆ ಮಾಡಿದ್ದಾರೆ” ಎಂದು ಯಾರಾದರೂ ನಸುನಕ್ಕು ಹೇಳಿದರೆ, ಪುಸ್ತಕ ಬರೆದವನಿಗೆ ಏಟು ಬಿದ್ದಿದೆ ಎಂದೇ ಕೇಳಿದವರು ಅರ್ಥಮಾಡಿಕೊಳ್ಳುತ್ತಾರೆ. ಆದರೆ ಪದದ ಮೂಲದಲ್ಲಿ ಈ ಕಟುತ್ವವಿಲ್ಲ. ‘ಮೃಶ್’ ಎಂಬ ಧಾತುವಿಗೆ ಮುಟ್ಟು, ತಡವು ಎಂದು ಅರ್ಥ. ಕೈಗೆ ಬಂದ ವಸ್ತುವನ್ನು ಹೊರಳಿಸಿ, ತಡವಿ, ಅದರ ಸ್ವರೂಪವನ್ನು ಅರಿತುಕೊಳ್ಳುವುದು ವಿಮರ್ಶೆ. ಇಂಗ್ಲಿಷಿನ ‘ಕ್ರಿಟಿಕಲ್’ ಎಂಬ ಮಾತಾದರೂ ಬೇರ್ಪಡಿಸು, ತೀರ್ಮಾನಿಸು ಎಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದುದು. ಕಾಳನ್ನೂ ಹೊಟ್ಟನ್ನೂ ಬೇರೆಮಾಡುವವನ ಕೆಲಸ ಅದು. ಮೊರ ಹಿಡಿದು ಕೇರುವ ಹೆಂಗಸು ಹೊಟ್ಟನ್ನು ಬಯ್ಯುತ್ತ ಕುಳಿತಿರುವುದಿಲ್ಲ. ಅವಳ ಕಣ್ಣಿರುವುದು ಮೊರದಲ್ಲಿ ಉಳಿಯುವ ಕಾಳಿನ ಮೇಲೆ. ನಮ್ಮ ಕವಿರಾಜಮಾರ್ಗಕಾರನೂ ತನ್ನ ಮೊದಲ ಪರಿಚ್ಛೇದಕ್ಕೆ ದೋಷವನ್ನು ಮಾತ್ರವಲ್ಲ, ‘ದೋಷಾದೋಷ’ಗಳನ್ನು, ಎಂದರೆ ದೋಷವಾದುದನ್ನೂ ದೋಷವಲ್ಲದುದನ್ನೂ, ವಿಷಯವಾಗಿ ಇಟ್ಟುಕೊಂಡನೆಂಬುದು ನೆನೆಯತಕ್ಕದ್ದು.

ಈ ಅರ್ಥಭೇದ ಕೇವಲ ನಿಘಂಟಿನ ವಿಚಾರವಾಗಿದ್ದರೆ ಇಷ್ಟು ದೀರ್ಘವಾಗಿ ಬರೆಯಬೇಕಾಗಿರಲಿಲ್ಲ. ನಮ್ಮ ಕಾಲೇಜುಗಳಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳಿಗೆ ಇದು ದಿನನಿತ್ಯದ ತೊಡಕು. ಮಾರ್ಗದರ್ಶಕರು ಪ್ರಬಂಧದ ಅಂಚಿನಲ್ಲಿ “ವಿಮರ್ಶಾತ್ಮಕವಾಗಿಲ್ಲ” ಎಂದು ಬರೆದು ಹಿಂದಿರುಗಿಸುತ್ತಾರೆ. ವಿದ್ಯಾರ್ಥಿ ಮನೆಗೆ ಹೋಗಿ, ಅಧ್ಯಾಯದ ಕೊನೆಯಲ್ಲಿ ಒಂದು ಪುಟ ಸೇರಿಸುತ್ತಾನೆ: ಇಂಥ ವಿದ್ವಾಂಸರು ಇದನ್ನು ಗಮನಿಸಿಲ್ಲ, ಇವರ ಗ್ರಂಥದಲ್ಲಿ ಇಂಥ ಕೊರತೆಯಿದೆ, ಅವರು ಪೂರ್ವಗ್ರಹ ಪೀಡಿತರು. ಹಿಂದಿನ ನಲವತ್ತು ಪುಟಗಳಲ್ಲಿ ಅದೇ ವಿದ್ವಾಂಸರ ಮಾತನ್ನು ಅಕ್ಷರಶಃ ನಂಬಿ ಬರೆದಿರುವ ಸಂಗತಿ ಹಾಗೆಯೇ ಉಳಿದಿರುತ್ತದೆ. ನಂಬಿಕೆಯ ನಲವತ್ತು ಪುಟಕ್ಕೆ ನಿಂದೆಯ ಒಂದು ಪುಟವನ್ನು ಹೊಲಿದರೆ ವಿಮರ್ಶೆಯಾಗದು. ಹಾಗಾದರೆ ಏನು ಮಾಡಬೇಕಾಗಿತ್ತು? ಇದನ್ನು ಸೂತ್ರರೂಪದಲ್ಲಿ ಹೇಳುವುದಕ್ಕಿಂತ, ವಿಮರ್ಶೆ ನಿಜವಾಗಿ ನಡೆದ ಒಂದು ಪ್ರಸಂಗವನ್ನು ಹಿಡಿದು ನೋಡುವುದು ಲೇಸು. ಅಂಥ ಪ್ರಸಂಗ ನಮ್ಮ ನೆಲದಲ್ಲೇ ಇದೆ: ಗಂಗರ ತಾಮ್ರಶಾಸನಗಳನ್ನು ಕುರಿತು ಲೂಯಿ ರೈಸರಿಗೂ ಫ್ಲೀಟರಿಗೂ ನಡೆದ ವಾದ.

ಬೆಂಗಳೂರಿನ ಸುತ್ತಲಿನ ತಾಲ್ಲೂಕುಗಳವರಿಗೆ ಈ ವಾದ ಪರಸ್ಥಳದ್ದೇನೂ ಅಲ್ಲ. ಬೆಂಗಳೂರಿನಲ್ಲಿಯೇ ಹುಟ್ಟಿದ ಬೆಂಜಮಿನ್ ಲೂಯಿ ರೈಸರು ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ತಿರುಗಿ ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ಅದರ ಒಂಬತ್ತನೆಯ ಸಂಪುಟ, 1905ರಲ್ಲಿ ಹೊರಬಂದದ್ದು, ಅಂದಿನ ಬೆಂಗಳೂರು ಜಿಲ್ಲೆಯದು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಶಾಸನಗಳೆಲ್ಲ ಅದರಲ್ಲಿವೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಲ್ಲೋಹಳ್ಳಿಯಲ್ಲಿ ದೊರೆತ ಗಂಗರ ತಾಮ್ರಪಟಗಳೂ, ನೆಲಮಂಗಲ ತಾಲ್ಲೂಕಿನ ಮಣ್ಣೆಯ ತಾಮ್ರಪಟಗಳೂ ಅಲ್ಲಿಯೇ ಸಿಕ್ಕುತ್ತವೆ. ಇಂದು ಹಳ್ಳಿಯಾಗಿರುವ ಈ ಮಣ್ಣೆ ಗಂಗರ ಕಾಲದಲ್ಲಿ ಮಾನ್ಯಪುರವೆಂಬ ರಾಜಧಾನಿಯಾಗಿತ್ತು. ಹೊಸಕೋಟೆಯ ಹೆಸರಿನಿಂದ ಪ್ರಸಿದ್ಧವಾದ ಅವಿನೀತನ ತಾಮ್ರಶಾಸನ ಇವಕ್ಕಿಂತ ತಡವಾಗಿ ಬೆಳಕಿಗೆ ಬಂದು, ಮೈಸೂರು ಪ್ರಾಕ್ತನ ಇಲಾಖೆಯ 1938ರ ವರದಿಯಲ್ಲಿ ಪ್ರಕಟವಾಯಿತು.

ರೈಸರು ಈ ಬಗೆಯ ತಾಮ್ರಪಟಗಳನ್ನು ಒಟ್ಟಿನಲ್ಲಿ ನಂಬಿದರು. ಅವು ಹೇಳುವ ವಂಶಾವಳಿ, ಅವು ಕೊಡುವ ಕಾಲ, ಇವುಗಳ ಮೇಲೆ ಗಂಗರ ಚರಿತ್ರೆಯನ್ನು ಕಟ್ಟಿದರು. ಆಗ ಎದುರು ನಿಂತವರು ಜಾನ್ ಫೇತ್‌ಫುಲ್ ಫ್ಲೀಟರು. ಇವರು ಕನ್ನಡಕ್ಕೆ ಹೊರಗಿನವರಲ್ಲ. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದು, ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ಆಧಾರಗ್ರಂಥವನ್ನು ಬರೆದವರು, ಕನ್ನಡ ಲಾವಣಿಗಳನ್ನು ಸಂಗ್ರಹಿಸಿದವರು. ಗಂಗರ ಹಳೆಯ ತಾಮ್ರಪಟಗಳಲ್ಲಿ ಬಹುಪಾಲು ಕೂಟಶಾಸನಗಳು, ಎಂದರೆ ಮುಂದಿನ ಕಾಲದವರು ಹಳೆಯ ಅರಸರ ಹೆಸರಿನಲ್ಲಿ ಸೃಷ್ಟಿಸಿದ ಸುಳ್ಳು ಪತ್ರಗಳು, ಎಂಬುದು ಅವರ ಮತ. 1901ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಭಾರತದ ಕೂಟಶಾಸನಗಳ ಪಟ್ಟಿಯನ್ನೇ ಅವರು ಪ್ರಕಟಿಸಿದರು.

ಮೇಲುನೋಟಕ್ಕೆ ಇದು ದೋಷಾನ್ವೇಷಣೆಯ ಪರಾಕಾಷ್ಠೆಯಂತೆ ಕಾಣುತ್ತದೆ. ಒಬ್ಬರು ವರ್ಷಗಟ್ಟಲೆ ಬಿಸಿಲಲ್ಲಿ ಅಲೆದು ಕೂಡಿಹಾಕಿದ್ದನ್ನು ಇನ್ನೊಬ್ಬರು ಕುರ್ಚಿಯಲ್ಲಿ ಕುಳಿತು ಸುಳ್ಳೆಂದರು! ಹಾಗೆ ಅಂದವರೂ ಇದ್ದಾರೆ. ಆದರೆ ಫ್ಲೀಟರ ವಾದದ ಒಳಹೊಕ್ಕು ನೋಡಿದರೆ ಕಾಣುವ ಸ್ವರೂಪ ಬೇರೆ. ಅದನ್ನು ತೋರಿಸಲು ಒಂದೇ ಶಾಸನವನ್ನು ಎತ್ತಿಕೊಳ್ಳುತ್ತೇನೆ.

ಮಡಿಕೇರಿಯ ತಾಮ್ರಶಾಸನ ಈ ಗುಂಪಿನಲ್ಲಿ ಬಹು ಪ್ರಸಿದ್ಧವಾದುದು. ಅದು ಅವಿನೀತನೆಂಬ ಗಂಗರಾಜನ ಹೆಸರಿನದು. ತಲವನನಗರದ, ಎಂದರೆ ತಲಕಾಡಿನ, ಶ್ರೀವಿಜಯ ಜಿನಾಲಯಕ್ಕೆ ಬದಣೆಗುಪ್ಪೆ ಎಂಬ ಹಳ್ಳಿಯನ್ನು ದತ್ತಿ ಬಿಟ್ಟುದನ್ನು ಅದು ಹೇಳುತ್ತದೆ. ಕಾಲಕ್ಕೆ ಸಂಬಂಧಿಸಿ ಅದು ಕೊಡುವ ವಿವರಗಳು ಇವು: 388ನೆಯ ಸಂವತ್ಸರ, ಮಾಘ ಮಾಸ, ಸೋಮವಾರ, ಸ್ವಾತಿ ನಕ್ಷತ್ರ, ಶುದ್ಧ ಪಂಚಮಿ. ಶಕೆಯೆಂದು ಅದರಲ್ಲಿ ಹೆಸರಿಸಿಲ್ಲ. ಆದರೆ 388ನ್ನು ಶಕವರ್ಷವೆಂದು ತೆಗೆದುಕೊಂಡರೆ ಕ್ರಿ. ಶ. 466 ಆಗುತ್ತದೆ. ಹಾಗೆ ತೆಗೆದುಕೊಂಡರೆ ಗಂಗರ ಕಾಲಗಣನೆಗೆ ಒಂದು ಗಟ್ಟಿಯಾದ ಗೂಟ ಸಿಕ್ಕಂತಾಯಿತು.

ಈಗ ಈ ತಿಥಿಯನ್ನು ಪರೀಕ್ಷಿಸೋಣ. ಇದಕ್ಕೆ ದೊಡ್ಡ ಜ್ಯೋತಿಷ ಬೇಕಾಗಿಲ್ಲ, ಮನೆಯ ಪಂಚಾಂಗ ಸಾಕು. ಮಾಘ ಮಾಸಕ್ಕೆ ಆ ಹೆಸರು ಬಂದಿರುವುದೇ ಅದರ ಹುಣ್ಣಿಮೆಯಂದು ಚಂದ್ರನು ಮಖೆಯ ಆಸುಪಾಸಿನಲ್ಲಿ ಇರುವುದರಿಂದ. ಚಂದ್ರ ದಿನಕ್ಕೆ ಸುಮಾರು ಒಂದು ನಕ್ಷತ್ರದಷ್ಟು ಮುಂದೆ ಸಾಗುತ್ತಾನೆ. ಶುದ್ಧ ಪಂಚಮಿ ಹುಣ್ಣಿಮೆಗೆ ಹತ್ತು ದಿನ ಹಿಂದೆ ಬರುತ್ತದೆ. ಮಖೆಯಿಂದ ಹತ್ತು ನಕ್ಷತ್ರ ಹಿಂದಕ್ಕೆ ಎಣಿಸಿದರೆ ರೇವತಿ ಸಿಕ್ಕುತ್ತದೆ. ಒಂದೆರಡು ಆಚೀಚೆ ಆಗಬಹುದು, ಅಷ್ಟೆ. ಸ್ವಾತಿಯಾದರೋ ಆಕಾಶದಲ್ಲಿ ಅದಕ್ಕೆ ಬಹುಮಟ್ಟಿಗೆ ಎದುರಿನ ದಿಕ್ಕಿನಲ್ಲಿದೆ. ಯಾವ ವರ್ಷದಲ್ಲಿಯೂ ಮಾಘ ಶುದ್ಧ ಪಂಚಮಿಯಂದು ಸ್ವಾತಿ ನಕ್ಷತ್ರ ಬರಲಾರದು. ಶಾಸನ ಅಸಾಧ್ಯವಾದ ದಿನವನ್ನು ಹೇಳುತ್ತಿದೆ.

ದೋಷಾನ್ವೇಷಕನಿಗೆ ಇಷ್ಟು ಸಾಕು. ತಪ್ಪು ಸಿಕ್ಕಿತು, ಶಾಸನ ಸುಳ್ಳು, ಮುಂದಿನ ಮಾತಿಲ್ಲ. ವಿಮರ್ಶಕ ಇಲ್ಲಿ ನಿಲ್ಲುವುದಿಲ್ಲ. ಅವನು ತನ್ನ ವಾದಕ್ಕೇ ಎದುರು ಪ್ರಶ್ನೆ ಹಾಕಿಕೊಳ್ಳುತ್ತಾನೆ: ಈ ತಪ್ಪು ನಿಜವಾದ ಶಾಸನದಲ್ಲಿ ಆಗಲಾರದೆ? ಮಖೆಯಿಂದ ಐದು ನಕ್ಷತ್ರ ಮುಂದಕ್ಕೆ ಎಣಿಸಿ ನೋಡಿ: ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಹುಣ್ಣಿಮೆಯಾದ ಐದನೆಯ ದಿನ, ಬಹುಳ ಪಂಚಮಿಯಂದು, ಸ್ವಾತಿ ಬರಲು ಅವಕಾಶವುಂಟು. ಲಿಪಿಕಾರ ‘ಬಹುಳ’ ಎಂದು ಬರೆಯುವ ಕಡೆ ‘ಶುದ್ಧ’ ಎಂದು ಬರೆದಿದ್ದರೆ ದೋಷ ಪರಿಹಾರವಾಗುತ್ತದೆ. ಅಂಥ ಕೈತಪ್ಪು ನಮ್ಮ ನಿಮ್ಮ ಮದುವೆಯ ಕರೆಯೋಲೆಯಲ್ಲಿಯೂ ಆಗುತ್ತದೆ. ಆದ್ದರಿಂದ ತಿಥಿಯ ದೋಷವೊಂದರಿಂದಲೇ ಶಾಸನ ಕೂಟವೆಂದು ಹೇಳುವುದು ಸಲ್ಲದು. ದೋಷವನ್ನು ಕಂಡುಹಿಡಿಯುವುದು ಒಂದು ಕೆಲಸ, ಆ ದೋಷಕ್ಕೆ ಎಷ್ಟು ತೂಕವಿದೆ ಎಂದು ನಿರ್ಣಯಿಸುವುದು ಇನ್ನೊಂದು ಕೆಲಸ. ವಿಮರ್ಶೆಯ ಹೆಚ್ಚಿನ ಭಾಗ ಇರುವುದು ಈ ಎರಡನೆಯದರಲ್ಲಿ.

ಹಾಗಾದರೆ ತೂಕವುಳ್ಳ ಆಕ್ಷೇಪಣೆ ಯಾವುದು? ಅದೇ ಶಾಸನದಲ್ಲಿ ‘ಅಕಾಲವರ್ಷ ಪೃಥುವೀವಲ್ಲಭ’ ಎಂಬುವನ ಮಂತ್ರಿಯ ಪ್ರಸ್ತಾಪ ಬರುತ್ತದೆ. ಅಕಾಲವರ್ಷ ಎಂಬುದು ರಾಷ್ಟ್ರಕೂಟ ವಂಶದಲ್ಲಿ ಕೃಷ್ಣನೆಂಬ ಹೆಸರಿನ ಅರಸರು ಧರಿಸುತ್ತಿದ್ದ ಬಿರುದು. ಅವರಲ್ಲಿ ಮೊದಲನೆಯವನೇ ಎಂಟನೆಯ ಶತಮಾನದ ಉತ್ತರಾರ್ಧದವನು. ಕ್ರಿ. ಶ. 466ರ ಪತ್ರದಲ್ಲಿ ಸುಮಾರು ಮುನ್ನೂರು ವರ್ಷಗಳ ಅನಂತರ ಬಂದ ಅರಸನ ಬಿರುದು ಹೇಗೆ ಕಾಣಿಸಿಕೊಂಡಿತು? ‘ಶುದ್ಧ’ವನ್ನು ‘ಬಹುಳ’ ಮಾಡಿದಂತೆ ಇದನ್ನು ಕೈತಪ್ಪೆಂದು ತಿದ್ದಲು ಬರುವುದಿಲ್ಲ. ಐದನೆಯ ಶತಮಾನದಲ್ಲಿಯೂ ಬೇರೊಬ್ಬ ಅಕಾಲವರ್ಷನಿದ್ದನೆಂದು ಊಹಿಸಬಹುದು. ಆದರೆ ಆ ಊಹೆಗೆ ಬೇರೆ ಆಸರೆಯಿಲ್ಲ. ಇದರ ಜೊತೆಗೆ ಲಿಪಿಯ ಸಾಕ್ಷ್ಯವಿದೆ. ಪಟದಲ್ಲಿನ ಅಕ್ಷರಗಳ ಮಾಟ ಐದನೆಯ ಶತಮಾನದ್ದಲ್ಲ, ಒಂಬತ್ತು ಹತ್ತನೆಯ ಶತಮಾನಗಳದ್ದು ಎಂದು ಲಿಪಿಜ್ಞರು ಕಂಡರು. ಬಿರುದನ್ನು ಪರೀಕ್ಷಿಸುವವನು ಅರ್ಥವನ್ನು ನೋಡುತ್ತಾನೆ, ಲಿಪಿಯನ್ನು ಪರೀಕ್ಷಿಸುವವನು ಅಕ್ಷರದ ಆಕಾರವನ್ನು ನೋಡುತ್ತಾನೆ. ಒಂದು ಇನ್ನೊಂದನ್ನು ಅವಲಂಬಿಸಿಲ್ಲ. ಹೀಗೆ ಬೇರೆ ಬೇರೆ ದಾರಿಗಳಿಂದ ಹೊರಟ ಎರಡು ಪರೀಕ್ಷೆಗಳು ಒಂದೇ ಕಾಲಕ್ಕೆ ಬಂದು ಸೇರಿದಾಗ ತೀರ್ಮಾನಕ್ಕೆ ಬಲ ಬರುತ್ತದೆ. ಈಗಿರುವ ಪಟ 466ರಲ್ಲಿ ಕೊರೆದದ್ದಲ್ಲ ಎಂದು ಹೇಳುವ ಅಧಿಕಾರ ನಮಗೆ ಆಗ ದೊರೆಯುತ್ತದೆ.

ಈ ವಾಕ್ಯವನ್ನು ವಾಚಕರು ಇನ್ನೊಮ್ಮೆ ಗಮನಿಸಬೇಕು. “ಈಗಿರುವ ಪಟ 466ರಲ್ಲಿ ಕೊರೆದದ್ದಲ್ಲ” ಎಂದೆವೇ ಹೊರತು “ಶಾಸನದಲ್ಲಿರುವುದೆಲ್ಲ ಸುಳ್ಳು” ಎನ್ನಲಿಲ್ಲ. ಹಳೆಯ ದತ್ತಿಯೊಂದರ ಪಟ ಸವೆದು ಹೋಗಿ, ಮುಂದಿನವರು ಅದನ್ನು ಹೊಸದಾಗಿ ಬರೆಸುವಾಗ ತಮ್ಮ ಕಾಲದ ಹೆಸರುಗಳನ್ನು ಸೇರಿಸಿರಬಹುದು. ಇಲ್ಲವೆ, ದತ್ತಿಯೇ ಇಲ್ಲದ ಭೂಮಿಗೆ ಹಕ್ಕು ಸ್ಥಾಪಿಸಲು ಪೂರ್ತಿಯಾಗಿ ಸೃಷ್ಟಿಸಿರಬಹುದು. ಇವೆರಡರಲ್ಲಿ ಯಾವುದೆಂದು ಲಿಪಿ ಹೇಳಲಾರದು. ಎರಡರಲ್ಲಿ ಯಾವುದಾದರೂ ಒಂದು ಮಾತು ಮಾತ್ರ ನಿಲ್ಲುತ್ತದೆ: ಈ ಪಟವನ್ನು ಬರೆಸಿದ ಕಾಲದಲ್ಲಿ ಬದಣೆಗುಪ್ಪೆಯ ಮೇಲೆ ಜಿನಾಲಯಕ್ಕೆ ಹಕ್ಕುಂಟೆಂದು ತೋರಿಸುವ ಅಗತ್ಯ ಯಾರಿಗೋ ಇತ್ತು, ಮತ್ತು ಅವಿನೀತನ ಹೆಸರನ್ನು ಹೇಳಿದರೆ ಜನ ಒಪ್ಪುತ್ತಾರೆಂಬ ನಂಬಿಕೆ ಅವರಿಗಿತ್ತು. ಐದನೆಯ ಶತಮಾನಕ್ಕೆ ಸಾಕ್ಷಿಯಾಗಲು ಸಲ್ಲದ ಪತ್ರ ತಾನು ಹುಟ್ಟಿದ ಕಾಲಕ್ಕೆ ಒಳ್ಳೆಯ ಸಾಕ್ಷಿಯೇ ಆಯಿತು. ದೋಷಾನ್ವೇಷಕನು ಎಸೆದುಹೋದ ಪಟವನ್ನು ವಿಮರ್ಶಕನು ಎತ್ತಿಟ್ಟುಕೊಳ್ಳುತ್ತಾನೆ.

ಇನ್ನು ರೈಸರ ಪಕ್ಷವನ್ನು ನೋಡಬೇಕು. ಎದುರಾಳಿಯ ವಾದವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಎದುರಿಸದವನು ವಿಮರ್ಶಕನಲ್ಲ. ಅವರ ಕಡೆಯ ವಾದದ ಸಾರ ಇದು: ಗಂಗರ ಪಟಗಳು ಒಂದೇ ಕಡೆ ಸಿಕ್ಕಿದವಲ್ಲ, ದೂರದೂರದ ಊರುಗಳಲ್ಲಿ ಸಿಕ್ಕಿದವು, ಬೇರೆ ಬೇರೆ ದತ್ತಿಗಳಿಗೆ ಸಂಬಂಧಿಸಿದವು, ಆದರೂ ವಂಶಾವಳಿಯಲ್ಲಿ ಒಂದಕ್ಕೊಂದು ಹೊಂದುತ್ತವೆ, ಇಷ್ಟು ಊರುಗಳಲ್ಲಿ, ಇಷ್ಟು ಕಾಲ, ಸುಳ್ಳು ಬರೆಯುವವರೆಲ್ಲ ಸೇರಿ ಒಳಸಂಚು ನಡೆಸಿದರೆಂದು ನಂಬುವುದು ಹೇಗೆ? ಇದು ಹಗುರವಾಗಿ ತಳ್ಳಿಹಾಕುವ ವಾದವಲ್ಲ. ಆದರೆ ಇಲ್ಲಿಯೂ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಹೊಂದಿಕೆ ಎರಡು ಬಗೆಯಾಗಿ ಬರುತ್ತದೆ. ಒಂದೇ ಘಟನೆಯನ್ನು ಇಬ್ಬರು ಬೇರೆಬೇರೆಯಾಗಿ ಕಂಡಿದ್ದರೆ ಅವರ ಮಾತು ಹೊಂದುತ್ತದೆ. ಒಬ್ಬನು ಬರೆದದ್ದನ್ನು ಇನ್ನೊಬ್ಬನು ನೋಡಿ ಬರೆದಿದ್ದರೂ ಹೊಂದುತ್ತದೆ. ಮೊದಲನೆಯದು ಎರಡು ಸಾಕ್ಷಿ, ಎರಡನೆಯದು ಒಂದೇ ಸಾಕ್ಷಿಯ ಎರಡು ಪ್ರತಿ.

ಮಣ್ಣೆಯ ಪಟಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿ ದೊರೆತ ಒಂದು ಪಟ ಗಂಗ ಮಾರಸಿಂಹನದು, ಕ್ರಿ. ಶ. 797ರ ಕಾಲದ್ದು, ಇನ್ನೊಂದು ರಾಷ್ಟ್ರಕೂಟರದು, 802ರದು. ಎರಡೂ ಶ್ರೀವಿಜಯನೆಂಬುವನು ಮಾನ್ಯಪುರದಲ್ಲಿ ಕಟ್ಟಿಸಿದ ಬಸದಿಗೆ ಸಂಬಂಧಿಸಿದವು. ಗಂಗರೂ ರಾಷ್ಟ್ರಕೂಟರೂ ಆಗ ಪರಸ್ಪರ ವೈರದಲ್ಲಿದ್ದ ಮನೆತನಗಳು. ಎರಡು ಅರಮನೆಗಳಿಂದ ಹೊರಟ ಪತ್ರಗಳು ಒಂದೇ ಬಸದಿಯನ್ನು ಹೇಳುತ್ತಿರುವಾಗ ಆ ಬಸದಿ ಇತ್ತೆಂಬುದಕ್ಕೆ ಒಳ್ಳೆಯ ಬಲ ಬಂತೆಂದು ಮೊದಲು ತೋರುತ್ತದೆ. ಬಲ ಬಂದದ್ದು ನಿಜ. ಆದರೆ ಅರಮನೆಗಳು ಎರಡಾದರೂ ಪತ್ರಗಳನ್ನು ಪಡೆದು ಕಾಪಾಡಿಕೊಂಡು ಬಂದದ್ದು ಒಂದೇ ಬಸದಿಯವರು. ಬಸದಿಯ ಇರವಿನ ವಿಷಯದಲ್ಲಿ ಇದರಿಂದ ಬಾಧೆಯಿಲ್ಲ. ದತ್ತಿಯ ಹೊಲದ ಎಲ್ಲೆಯೋ ಅಳತೆಯೋ ವಿವಾದಕ್ಕೆ ಬಂದರೆ ಮಾತ್ರ ಎರಡು ಪತ್ರಗಳನ್ನು ಎರಡು ಸಾಕ್ಷಿಯೆಂದು ಎಣಿಸುವ ಮೊದಲು ಯೋಚಿಸಬೇಕು. ಒಂದೇ ಆಧಾರ ಒಂದು ಪ್ರಶ್ನೆಗೆ ಗಟ್ಟಿಯಾಗಿಯೂ ಇನ್ನೊಂದು ಪ್ರಶ್ನೆಗೆ ಸಡಿಲವಾಗಿಯೂ ಇರಬಹುದು. ‘ಈ ಆಧಾರ ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳುವವನಿಗೆ ಈ ಭೇದ ಕಾಣುವುದಿಲ್ಲ. ‘ಈ ಆಧಾರ ಯಾವುದಕ್ಕೆ ಸಾಲುತ್ತದೆ’ ಎಂದು ಕೇಳಿದಾಗ ಕಾಣುತ್ತದೆ.

ಈ ವಾದದ ಕೊನೆಯ ಘಟ್ಟ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುತ್ತದೆ. ಅನಂತಪುರದ ಸೀಮೆಯ ಪೆನುಕೊಂಡೆಯಲ್ಲಿ ಗಂಗರ ಇನ್ನೊಂದು ತಾಮ್ರಶಾಸನ ದೊರೆಯಿತು. ಅದರಲ್ಲಿ ಶಕವರ್ಷವಿಲ್ಲ. ಆದರೆ ಗಂಗರ ಅಯ್ಯವರ್ಮನಿಗೆ ಪಲ್ಲವ ಸಿಂಹವರ್ಮನೂ, ಅವನ ಮಗ ಮಾಧವ ಸಿಂಹವರ್ಮನಿಗೆ ಪಲ್ಲವ ಸ್ಕಂದವರ್ಮನೂ ಪಟ್ಟ ಕಟ್ಟಿದರೆಂದು ಅದು ಹೇಳುತ್ತದೆ. ಇತ್ತ, ‘ಲೋಕವಿಭಾಗ’ ಎಂಬ ಜೈನಗ್ರಂಥದಲ್ಲಿ ಒಂದು ಕಾಲಸೂಚನೆಯಿರುವುದನ್ನು ಮೈಸೂರಿನ ಆರ್. ನರಸಿಂಹಾಚಾರ್ಯರು ವಿದ್ವಾಂಸರ ಗಮನಕ್ಕೆ ತಂದಿದ್ದರು: ಶಕ 380, ಎಂದರೆ ಕ್ರಿ. ಶ. 458, ಕಂಚಿಯ ಸಿಂಹವರ್ಮನ ಆಳ್ವಿಕೆಯ ಇಪ್ಪತ್ತೆರಡನೆಯ ವರ್ಷ. ಗಂಗರ ದತ್ತಿಗೂ ಲೋಕದ ಆಕಾರವನ್ನು ವರ್ಣಿಸುವ ಈ ಗ್ರಂಥಕ್ಕೂ ಯಾವ ಸಂಬಂಧವೂ ಇಲ್ಲ. ಗ್ರಂಥಕಾರನಿಗೆ ಗಂಗರ ಪರವಾಗಿ ಸುಳ್ಳು ಹೇಳುವ ಕಾರಣವಿರಲಿಲ್ಲ. ಪೆನುಕೊಂಡೆಯ ಪಟದ ಲಿಪಿಯೂ ಆ ಕಾಲಕ್ಕೆ ಹೊಂದುವಂಥದು. ಫ್ಲೀಟರು 1915ರಲ್ಲಿ ಈ ಎರಡನ್ನೂ ಒಟ್ಟಿಗಿಟ್ಟು ಬರೆದ ಲೇಖನದಲ್ಲಿ ಪೆನುಕೊಂಡೆಯ ಶಾಸನವನ್ನು ನಿಜವಾದುದೆಂದು ಒಪ್ಪಿ, ಅದರ ಕಾಲವನ್ನು ಸುಮಾರು ಕ್ರಿ. ಶ. 475 ಎಂದು ಗೊತ್ತುಮಾಡಿದರು. ಗಂಗರ ಹಳೆಯ ಪಟಗಳನ್ನು ಅಷ್ಟು ಕಾಲ ಅಲ್ಲಗಳೆದಿದ್ದವರೇ ಒಂದನ್ನು ಎತ್ತಿ ಹಿಡಿದರು.

ಇದನ್ನು ಫ್ಲೀಟರ ಸೋಲೆಂದು ಕೆಲವರು ತಿಳಿಯಬಹುದು. ನನಗೆ ಹಾಗೆ ತೋರುವುದಿಲ್ಲ. ಅವರು ಯಾವ ಪರೀಕ್ಷೆಗಳಿಂದ ಮಡಿಕೇರಿಯ ಪಟವನ್ನು ತಳ್ಳಿದರೋ ಅದೇ ಪರೀಕ್ಷೆಗಳಿಂದ ಪೆನುಕೊಂಡೆಯ ಪಟವನ್ನು ಒಪ್ಪಿದರು: ಲಿಪಿ ಕಾಲಕ್ಕೆ ಹೊಂದುತ್ತದೆಯೆ, ಒಳಗೆ ಬರುವ ಹೆಸರುಗಳು ಆ ಕಾಲದವೆ, ಹೊರಗಿನ ಸಾಕ್ಷ್ಯ ಒದಗುತ್ತದೆಯೆ? ದೋಷಾನ್ವೇಷಕನನ್ನು ಗುರುತಿಸುವ ಲಕ್ಷಣವೂ ಇಲ್ಲಿಯೇ ಸಿಕ್ಕುತ್ತದೆ. ಎಂಥ ಆಧಾರ ದೊರೆತರೆ ನೀವು ನಿಮ್ಮ ಮತವನ್ನು ಬದಲಿಸುತ್ತೀರಿ ಎಂದು ಅವನನ್ನು ಕೇಳಿ ನೋಡಿ. ಅವನಲ್ಲಿ ಉತ್ತರವಿರುವುದಿಲ್ಲ. ತಿಥಿ ತಪ್ಪಿದ್ದರೆ ಅದಕ್ಕಾಗಿ ಕೂಟ ಎನ್ನುತ್ತಾನೆ. ತಿಥಿ ಸರಿಯಾಗಿದ್ದರೆ, ಕೂಟಗಾರ ಜಾಣನಾಗಿದ್ದ ಎನ್ನುತ್ತಾನೆ. ಪರೀಕ್ಷೆಯಲ್ಲಿ ತೇರ್ಗಡೆಯಾಗಲು ದಾರಿಯೇ ಇಲ್ಲದಿದ್ದರೆ ಅದು ಪರೀಕ್ಷೆಯಲ್ಲ.

ಇಂದಿನ ಚರಿತ್ರಕಾರರು ಗಂಗರ ಆರಂಭವನ್ನು ಸಾಮಾನ್ಯವಾಗಿ ನಾಲ್ಕನೆಯ ಶತಮಾನದಲ್ಲಿ ಇಡುತ್ತಾರೆ. ಅದು ರೈಸರು ನಂಬಿದಷ್ಟು ಪ್ರಾಚೀನವೂ ಅಲ್ಲ, ಫ್ಲೀಟರು ಮೊದಲಿಗೆ ಶಂಕಿಸಿದಷ್ಟು ಅರ್ವಾಚೀನವೂ ಅಲ್ಲ. ರೈಸರು ಸಂಗ್ರಹಿಸದಿದ್ದರೆ ಪರೀಕ್ಷಿಸಲು ಪಟಗಳೇ ಇರುತ್ತಿರಲಿಲ್ಲ. ಫ್ಲೀಟರು ಪರೀಕ್ಷಿಸದಿದ್ದರೆ ಕಾಳೂ ಹೊಟ್ಟೂ ಒಂದೇ ರಾಶಿಯಲ್ಲಿರುತ್ತಿದ್ದವು.

ಈಗ ನಮ್ಮ ವಿದ್ಯಾರ್ಥಿಯ ಪ್ರಬಂಧಕ್ಕೆ ಬರೋಣ. ಅವನು ಹೊಸಕೋಟೆಯ ತಾಮ್ರಶಾಸನವನ್ನು ಕುರಿತು ಬರೆಯುತ್ತಿದ್ದಾನೆಂದು ಇಟ್ಟುಕೊಳ್ಳೋಣ. ಅವಿನೀತನ ಆಳ್ವಿಕೆಯ ಹನ್ನೆರಡನೆಯ ವರ್ಷದಲ್ಲಿ, ಪಲ್ಲವ ಸಿಂಹವಿಷ್ಣುವಿನ ತಾಯಿ ಕಟ್ಟಿಸಿದ ಜಿನಾಲಯಕ್ಕೆ ದತ್ತಿ ಕೊಟ್ಟುದನ್ನು ಆ ಶಾಸನ ಹೇಳುತ್ತದೆ. ಮೊದಲ ಸಲ ವಿದ್ಯಾರ್ಥಿ ಹೀಗೆ ಬರೆಯುತ್ತಾನೆ: “ಅವಿನೀತನು 469ರಲ್ಲಿ ಪಟ್ಟಕ್ಕೆ ಬಂದುದರಿಂದ ಈ ಶಾಸನ 481ರದು, ಆ ವರ್ಷ ಪಲ್ಲವ ರಾಣಿಯೊಬ್ಬಳು ಇಲ್ಲಿ ಜಿನಾಲಯ ಕಟ್ಟಿಸಿದ್ದಳು.” ಇದು ನಂಬಿಕೆ. 469 ಎಂಬ ಸಂಖ್ಯೆ ಪಠ್ಯಪುಸ್ತಕದಿಂದ ಬಂದುದು, ಶಾಸನದಿಂದಲ್ಲ. ಆದರೆ ವಾಕ್ಯ ಓದಿದವರಿಗೆ ಎಲ್ಲವನ್ನೂ ಶಾಸನವೇ ಹೇಳುತ್ತಿದೆ ಎನಿಸುತ್ತದೆ.

“ವಿಮರ್ಶಾತ್ಮಕವಾಗಿಲ್ಲ” ಎಂಬ ಟಿಪ್ಪಣಿ ಬಿದ್ದ ಮೇಲೆ ಅವನು ಹೀಗೆ ತಿದ್ದುತ್ತಾನೆ: “ಈ ಶಾಸನದಲ್ಲಿ ಶಕವರ್ಷವಿಲ್ಲ. ಗಂಗರ ಅನೇಕ ತಾಮ್ರಪಟಗಳು ಕೂಟವೆಂದು ವಿದ್ವಾಂಸರು ಹೇಳಿದ್ದಾರೆ. ಆದ್ದರಿಂದ ಇದನ್ನು ನಂಬಲಾಗದು.” ಇದು ದೋಷಾನ್ವೇಷಣೆ. ಅನೇಕ ಪಟಗಳು ಕೂಟವಾದರೆ ಈ ಪಟವೂ ಕೂಟವಾಗಬೇಕೆಂದಿಲ್ಲ. ಶಕವರ್ಷವಿಲ್ಲದಿರುವುದು ದೋಷವೇ ಅಲ್ಲ, ಪೆನುಕೊಂಡೆಯ ಪಟದಲ್ಲಿಯೂ ಅದಿಲ್ಲ. ಮೊದಲು ಪಟವನ್ನು ನೋಡದೆ ನಂಬಿದ್ದವನು ಈಗ ಪಟವನ್ನು ನೋಡದೆ ನಿರಾಕರಿಸಿದ್ದಾನೆ. ನೋಡದಿರುವುದು ಎರಡರಲ್ಲಿಯೂ ಸಮಾನ.

ಮೂರನೆಯ ಸಲ ಅವನು ಹೀಗೆ ಬರೆಯಬಹುದು: “ಶಾಸನ ಹೇಳುವುದು ಆಳ್ವಿಕೆಯ ಹನ್ನೆರಡನೆಯ ವರ್ಷವನ್ನು ಮಾತ್ರ. ಅವಿನೀತನ ಪಟ್ಟಾಭಿಷೇಕವನ್ನು 469 ಎಂದು ಇಟ್ಟುಕೊಂಡರೆ ಇದು 481 ಆಗುತ್ತದೆ. ಆದರೆ ಇಲ್ಲಿನ ಸಿಂಹವಿಷ್ಣು ಮಹೇಂದ್ರವರ್ಮನ ತಂದೆಯೇ ಆಗಿದ್ದರೆ ಅವನ ಕಾಲ ಆರನೆಯ ಶತಮಾನದ ಉತ್ತರಾರ್ಧ. ಆಗ ಅವಿನೀತನ ಕಾಲವನ್ನೂ ಕೆಳಗಿಳಿಸಬೇಕಾಗುತ್ತದೆ, ಅಥವಾ ಇಲ್ಲಿನ ಸಿಂಹವಿಷ್ಣು ಬೇರೊಬ್ಬನೆಂದು ತೋರಿಸಬೇಕಾಗುತ್ತದೆ. ಈ ಪ್ರಶ್ನೆ ತೀರುವವರೆಗೆ ನಾನು ಈ ಶಾಸನವನ್ನು ಕಾಲನಿರ್ಣಯಕ್ಕೆ ಬಳಸುವುದಿಲ್ಲ. ಗಂಗರ ನಾಡಿನಲ್ಲಿ ಪಲ್ಲವ ರಾಜಮನೆತನದ ಹೆಂಗಸೊಬ್ಬಳು ಜಿನಾಲಯ ಕಟ್ಟಿಸಿದಳೆಂಬ ಹೇಳಿಕೆಗೆ ಮಾತ್ರ ಬಳಸುತ್ತೇನೆ. ಪಟದ ಲಿಪಿ ಇವೆರಡು ಕಾಲಗಳಲ್ಲಿ ಯಾವುದಕ್ಕೆ ಹತ್ತಿರವೆಂಬುದು ಮುಂದೆ ನೋಡಬೇಕಾದ ವಿಷಯ.”

ಮೂರನೆಯ ಬರವಣಿಗೆಯಲ್ಲಿ ಯಾರ ಮೇಲೂ ಒಂದು ಕಟುನುಡಿಯಿಲ್ಲ. ಪಠ್ಯಪುಸ್ತಕವನ್ನು ಹಳಿದಿಲ್ಲ, ಶಾಸನವನ್ನೂ ಹಳಿದಿಲ್ಲ. ಆದರೂ ಮೂರರಲ್ಲಿ ವಿಮರ್ಶಾತ್ಮಕವಾದುದು ಅದೊಂದೇ. ಶಾಸನ ಹೇಳಿದ್ದು ಯಾವುದು, ನಾವು ಸೇರಿಸಿದ್ದು ಯಾವುದು ಎಂದು ಅದು ಬೇರ್ಪಡಿಸಿತು. ಎರಡು ಸಾಧ್ಯತೆಗಳಲ್ಲಿ ಪ್ರತಿಯೊಂದಕ್ಕೂ ತೆರಬೇಕಾದ ಬೆಲೆಯನ್ನು ಹೇಳಿತು. ಯಾವ ಮಾತಿಗೆ ಆಧಾರ ಸಾಲುತ್ತದೆ, ಯಾವುದಕ್ಕೆ ಸಾಲದು ಎಂದು ಗೆರೆ ಎಳೆಯಿತು. ಮುಂದೆ ಏನನ್ನು ನೋಡಿದರೆ ಪ್ರಶ್ನೆ ತೀರೀತೆಂದು ಸೂಚಿಸಿತು. ಓದಿದವರು ಒಪ್ಪದಿದ್ದರೆ ಎಲ್ಲಿ ಒಪ್ಪುವುದಿಲ್ಲವೆಂದು ಬೆರಳಿಟ್ಟು ತೋರಿಸಲು ಅವರಿಗೂ ಎಡೆ ದೊರೆಯಿತು.

ಇದರಲ್ಲಿ ಒಂದು ಮಿತಿಯೂ ಉಂಟು. ಪ್ರಬಂಧದ ಪ್ರತಿಯೊಂದು ವಾಕ್ಯವನ್ನೂ ಹೀಗೆ ಪರೀಕ್ಷಿಸಲು ಹೊರಟರೆ ಪ್ರಬಂಧ ಮುಗಿಯುವುದಿಲ್ಲ. ಸೋಮವಾರ ಎಂದರೆ ಸೋಮವಾರ, ತಲವನನಗರವೆಂದರೆ ತಲಕಾಡು ಎಂದು ಒಪ್ಪಿಕೊಂಡು ಮುಂದೆ ಹೋಗಬೇಕಾಗುತ್ತದೆ. ಯಾವ ಕಲ್ಲಿನ ಮೇಲೆ ಗೋಡೆಯ ಭಾರ ನಿಂತಿದೆಯೋ ಆ ಕಲ್ಲನ್ನು ತಟ್ಟಿ ನೋಡಬೇಕು. ಪ್ರಬಂಧದ ತೀರ್ಮಾನ ಸಿಂಹವಿಷ್ಣುವಿನ ಕಾಲವನ್ನು ಅವಲಂಬಿಸಿದ್ದರೆ ಅಲ್ಲಿ ನಿಲ್ಲಬೇಕು. ಅವಲಂಬಿಸಿರದಿದ್ದರೆ ಒಂದು ಮಾತಿನಲ್ಲಿ ಸೂಚಿಸಿ ದಾಟಬಹುದು. ದೋಷಾನ್ವೇಷಕನು ಸುಲಭವಾಗಿ ಕೈಗೆ ಸಿಕ್ಕ ಕಲ್ಲನ್ನು ತಟ್ಟುತ್ತಾನೆ. ಅಚ್ಚಿನ ತಪ್ಪು, ಬಿಟ್ಟುಹೋದ ಒಂದು ಹೆಸರು, ಹಿಂದುಮುಂದಾದ ಒಂದು ಪುಟಸಂಖ್ಯೆ, ಇವೆಲ್ಲ ಅವನಿಗೆ ಪ್ರಿಯ.

ಊರಿನ ಅಭಿಮಾನದ ಪ್ರಶ್ನೆಯೊಂದು ಉಳಿಯಿತು. ನಮ್ಮ ಊರಿನ ಶಾಸನ ಸಾವಿರದ ಐನೂರು ವರ್ಷದ್ದು ಎಂದು ಹೆಮ್ಮೆಪಡುವ ಹಿರಿಯರ ಎದುರಿನಲ್ಲಿ ಮೇಷ್ಟರು “ಅದು ಇನ್ನೂ ತೀರ್ಮಾನವಾಗಿಲ್ಲ” ಎಂದರೆ, ಓದಿದವನ ಕೊಂಕು ಇದು ಎಂದು ಅವರಿಗೆ ನೋವಾಗುತ್ತದೆ. ಆ ನೋವನ್ನು ಹಗುರವಾಗಿ ಕಾಣಬಾರದು. ಆದರೆ ಪರೀಕ್ಷೆಗೆ ಒಡ್ಡದೆ ಕಾಪಾಡಿದ ವಯಸ್ಸು ಹೊರಗಿನವನ ಒಂದು ಪ್ರಶ್ನೆಗೆ ಕುಸಿದುಬೀಳುತ್ತದೆ. ಫ್ಲೀಟರಂಥ ಸಂಶಯಿಯ ಕೈಯಿಂದಲೇ ಒಪ್ಪಿಗೆ ಪಡೆದ ಪೆನುಕೊಂಡೆಯ ಪಟಕ್ಕೆ ಆ ಭಯವಿಲ್ಲ. ಹಿರಿಯರಿಗೆ ಮೇಷ್ಟರು ಇಷ್ಟನ್ನು ತಿಳಿಸಿ ಹೇಳಬಲ್ಲರಾದರೆ, ಮಲ್ಲೋಹಳ್ಳಿಯ ಮತ್ತು ಮಣ್ಣೆಯ ಪಟಗಳನ್ನು ಇನ್ನೊಮ್ಮೆ ಮುಂದಿಟ್ಟುಕೊಂಡು ಅಕ್ಷರ ಅಕ್ಷರವಾಗಿ ಓದುವುದಕ್ಕೆ ಅವರ ಶಿಷ್ಯರಿಗೆ ಊರಿನ ಬೆಂಬಲವೂ ಒದಗೀತು.